ಎದೆನೋವಿನ ಪ್ರಶ್ನೆ: ಮೊದಲು ಗಂಟೆ ಎಣಿಸಿ, ಆಮೇಲೆ ಇಸಿಜಿ ಓದಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಮೆಡಿಕಲ್ ಕಾಲೇಜುಗಳಲ್ಲಿ ಓದುತ್ತಿರುವವರು, ಇಂಟರ್ನ್‌ಶಿಪ್ ಮುಗಿಸಿ ಪಿಜಿ ಪ್ರವೇಶ ಪರೀಕ್ಷೆಗೆ ಕೂತವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಎರಡು ಬಿಟ್ಟೂ ಬಿಡದೆ ಬರುತ್ತವೆ. ಹಾರ್ಟ್ ಅಟ್ಯಾಕ್ ಆಗಿ ಇಷ್ಟು ಹೊತ್ತಾಗಿದ್ದರೆ ರಕ್ತದಲ್ಲಿ ಯಾವ ಮಾರ್ಕರ್ ನೋಡಬೇಕು ಅನ್ನುವುದು ಒಂದು. ಇಸಿಜಿಯಲ್ಲಿ ಈ ಲೀಡುಗಳು ಎದ್ದಿದ್ದರೆ ಯಾವ ರಕ್ತನಾಳ ಮುಚ್ಚಿದೆ ಅನ್ನುವುದು ಇನ್ನೊಂದು. ಎರಡಕ್ಕೂ ಒಂದೊಂದು ಕೋಷ್ಟಕ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಆದರೆ ಪ್ರಶ್ನೆ ಬರೆಯುವವರು ಎರಡನ್ನೂ ಒಂದೇ ರೋಗಿಯ ಮೇಲೆ ಹೇರಿ ಕೊಟ್ಟಾಗ ಕೋಷ್ಟಕ ಕೈಕೊಡುತ್ತದೆ. ಹಾಗಾಗಿ ಇಲ್ಲಿ ಒಬ್ಬ ರೋಗಿಯನ್ನೇ ಇಟ್ಟುಕೊಂಡು ಮೊದಲಿಂದ ಐದನೇ ದಿನದವರೆಗೆ ಹೋಗೋಣ. ಕೆಳಗೋಡೆಯ ಇನ್‌ಫಾರ್ಕ್ಷನ್, ಅಂದರೆ ಹೃದಯದ ತಳಭಾಗದ ಸ್ನಾಯು ಸಾಯುವ ಪ್ರಕರಣವನ್ನೇ ಬೇಕೆಂದು ಆರಿಸಿಕೊಂಡಿದ್ದೇನೆ. ಪ್ರಶ್ನೆಯಲ್ಲಿ ಬಲೆ ಹೆಚ್ಚು ಇರುವುದು ಅಲ್ಲೇ.

ನಿಮಗೆ ಬೇಕಾದ್ದು ಹೆಚ್ಚಿಲ್ಲ. ಒಂದು ಹಾಳೆ, ಪೆನ್ನು, ಮತ್ತು ಮಾರ್ಕರ್‌ಗಳ ಸಮಯಕ್ಕೆ ಒಂದೇ ಒಂದು ಪುಸ್ತಕ. ಎರಡು ಪುಸ್ತಕ ಇಟ್ಟುಕೊಂಡರೆ ಒಂದರಲ್ಲಿ 3 ಗಂಟೆ, ಇನ್ನೊಂದರಲ್ಲಿ 4 ಗಂಟೆ ಅಂತ ಇರುತ್ತದೆ, ನಿಮ್ಮ ಅರ್ಧ ದಿನ ಅದರಲ್ಲೇ ಹೋಗುತ್ತದೆ. ಇಸಿಜಿ ಪಟ್ಟಿಯ ಮೇಲೆ ಅಚ್ಚಾಗುವ ಲೀಡಿನ ಹೆಸರುಗಳನ್ನು ನಾನು ಅಲ್ಲಿ ಇರುವ ಹಾಗೆಯೇ ಬರೆಯುತ್ತೇನೆ.

ಪ್ರಶ್ನೆ ಹೀಗಿದೆ. ಸಿರುಗುಪ್ಪ ಕಡೆಯ 58 ವರ್ಷದ ಅಕ್ಕಿ ಗಿರಣಿ ಕಾರ್ಮಿಕ, ಬೀಡಿ ಸೇದುವವರು. ಬೆಳಿಗ್ಗೆ 6.30ಕ್ಕೆ ಆಸ್ಪತ್ರೆಗೆ ಬಂದಿದ್ದಾರೆ. ಬಿಪಿ 90/60, ನಾಡಿ ನಿಮಿಷಕ್ಕೆ 52. ಕತ್ತಿನ ಸಿರೆ ಉಬ್ಬಿದೆ, ಶ್ವಾಸಕೋಶದಲ್ಲಿ ಯಾವ ಗೊರಗೊರ ಸದ್ದೂ ಇಲ್ಲ. ಟ್ರೋಪೋನಿನ್ ಕಾರ್ಡ್ ಟೆಸ್ಟ್ ನೆಗೆಟಿವ್. ಇಸಿಜಿಯಲ್ಲಿ ಎಸ್‌ಟಿ ಭಾಗ, ಅಂದರೆ ಕ್ಯೂಆರ್‌ಎಸ್ ಮುಗಿದು ಟಿ ಅಲೆ ಶುರುವಾಗುವವರೆಗಿನ ಗೆರೆ, II ರಲ್ಲಿ 2 ಮಿಮೀ, III ರಲ್ಲಿ 3 ಮಿಮೀ, aVF ನಲ್ಲಿ 2.5 ಮಿಮೀ ಮೇಲೆ ಎದ್ದಿದೆ. I ರಲ್ಲಿ 1 ಮಿಮೀ, aVL ನಲ್ಲಿ 2 ಮಿಮೀ ಕೆಳಗೆ ಇಳಿದಿದೆ. V1 ರಲ್ಲಿ 1 ಮಿಮೀ ಏರಿಕೆ, V2 ಸಮ. ಮುಂದೇನು ಮಾಡುತ್ತೀರಿ, ಯಾವ ನಾಳ, ಯಾವ ಔಷಧಿ ಕೊಡಬಾರದು, ಐದನೇ ದಿನ ಮತ್ತೆ ನೋವು ಬಂದರೆ ಯಾವ ಮಾರ್ಕರ್?

1. ಸೊನ್ನೆ ಗಂಟೆ ಯಾವುದೆಂದು ಗುರುತು ಹಾಕಿ

ಪ್ರಶ್ನೆ ಓದುತ್ತಲೇ ಹಾಳೆಯ ಮೇಲೆ ಒಂದು ಅಡ್ಡಗೆರೆ ಎಳೆದು, ನೋವು ಶುರುವಾದ ಸಮಯಕ್ಕೆ ಸೊನ್ನೆ ಹಾಕಿ. ಮಾರ್ಕರ್‌ಗಳ ಗಂಟೆಗಳೆಲ್ಲ ಆ ಸೊನ್ನೆಯಿಂದ ಎಣಿಕೆ. ಆಸ್ಪತ್ರೆಗೆ ಬಂದ ಸಮಯದಿಂದ ಅಲ್ಲ, ರಕ್ತ ತೆಗೆದ ಸಮಯದಿಂದಲೂ ಅಲ್ಲ. ‘ನೋವು ಬಂದ 3 ಗಂಟೆಗೆ ಆಸ್ಪತ್ರೆಗೆ ಬಂದರು, 2 ಗಂಟೆಯ ನಂತರ ರಕ್ತ ತೆಗೆಯಲಾಯಿತು’ ಎಂದು ಎರಡು ಕಂತಿನಲ್ಲಿ ಕೊಟ್ಟಿದ್ದರೆ ಉತ್ತರ 5 ಗಂಟೆಗೆ ಹುಡುಕಬೇಕು. ಅವಸರದಲ್ಲಿ 2 ಗಂಟೆ ಅಂತ ಓದಿ ಮಯೋಗ್ಲೋಬಿನ್‌ಗೆ ಗುರುತು ಹಾಕಿ ಬರುವವರು ಬಹಳ.

ಪರೀಕ್ಷೆಯಲ್ಲಿ ಸಮಯವನ್ನು ಅಂಕಿಯಲ್ಲಿ ಕೊಟ್ಟುಬಿಡುತ್ತಾರೆ. ಕ್ಯಾಶುವಾಲಿಟಿಯಲ್ಲಿ ಅದನ್ನು ನೀವೇ ಮಾತಿನಿಂದ ಹೊರತೆಗೆಯಬೇಕು. ‘ಯಜಮಾನ್ರೇ, ನೋವು ಯಾವಾಗ್ಲಿಂದ?’ ಅಂದರೆ ನಮ್ಮ ಕಡೆ ಬರುವ ಉತ್ತರ ಹೀಗಿರುತ್ತದೆ: ‘ರಾತ್ರಿ ಉಂಡ್ಮ್ಯಾಲೆ ಒಂದ್ ನಮೂನಿ ಆಗಿತ್ರಿ ಸಾರ್, ಗ್ಯಾಸ್ ಅಂತ ಸೋಡಾ ಕುಡ್ದು ಮಕ್ಕಂಡೆ, ಹೋತು. ಮತ್ತ ಫಸ್ಟ್ ಬಸ್ ಹೋಗಾಕಿಂತ ಮುಂಚೆ ಬೆವರು ಬಂದು ಎದಿ ಹಿಡ್ಕಂಡ್ಬಿಡ್ತು.’ ಇದರಲ್ಲಿ ರಾತ್ರಿಯ ಸಂಗತಿ ಬಂದು ಹೋದ ನೋವು. ನಾಳ ಆಗ ಪೂರ್ತಿ ಮುಚ್ಚಿರಲಿಕ್ಕಿಲ್ಲ. ಬೆವರಿನೊಂದಿಗೆ ಬಂದು ಬಿಡದೆ ಉಳಿದ ನೋವಿಗೆ ಸೊನ್ನೆ ಹಾಕಬೇಕು. ಮೊದಲ ಬಸ್ಸು ಎಷ್ಟಕ್ಕೆ ಎಂದು ಜೊತೆಗೆ ಬಂದ ಮಗನನ್ನು ಕೇಳಿದರೆ ಗಂಟೆ ಸಿಗುತ್ತದೆ. ನಮ್ಮ ರೋಗಿಗೆ ಅದು ಬೆಳಿಗ್ಗೆ 4 ಅಂತ ಇಟ್ಟುಕೊಳ್ಳೋಣ. ಹಾಗಾದರೆ 6.30ರ ರಕ್ತ ಎರಡೂವರೆ ಗಂಟೆಯ ರಕ್ತ.

2. ಮಾರ್ಕರ್‌ಗಳ ಸರದಿಯನ್ನು ಕಾರಣ ಸಮೇತ ತಿಳಿದುಕೊಳ್ಳಿ

ಬಯೋಮಾರ್ಕರ್ ಅಂದರೆ ಇಲ್ಲಿ ಸತ್ತ ಹೃದಯಸ್ನಾಯುವಿನಿಂದ ಸೋರಿ ರಕ್ತಕ್ಕೆ ಬರುವ ಪ್ರೋಟೀನು. ಯಾವುದು ಬೇಗ ಬರುತ್ತದೆ, ಯಾವುದು ಹೆಚ್ಚು ದಿನ ಉಳಿಯುತ್ತದೆ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ: ಅಣುವಿನ ಗಾತ್ರ ಎಷ್ಟು, ಮತ್ತು ಜೀವಕೋಶದೊಳಗೆ ಅದು ಬಿಡಿಯಾಗಿದೆಯೋ ಎಲ್ಲಿಗಾದರೂ ಅಂಟಿಕೊಂಡಿದೆಯೋ.

ಮಯೋಗ್ಲೋಬಿನ್ ಚಿಕ್ಕದು, ಕೋಶದ್ರವದಲ್ಲಿ ಬಿಡಿಯಾಗಿ ಓಡಾಡಿಕೊಂಡಿರುತ್ತದೆ. ಹಾಗಾಗಿ 1ರಿಂದ 3 ಗಂಟೆಯಲ್ಲೇ ರಕ್ತದಲ್ಲಿ ಕಾಣುತ್ತದೆ, ಮೂತ್ರಪಿಂಡ ಅದನ್ನು ಬೇಗ ಹೊರಹಾಕುವುದರಿಂದ 24 ಗಂಟೆಯೊಳಗೆ ಮಾಯವಾಗುತ್ತದೆ. ಆದರೆ ಕೈಕಾಲಿನ ಸ್ನಾಯುವಿನಲ್ಲೂ ಅದೇ ಮಯೋಗ್ಲೋಬಿನ್ ಇರುವುದರಿಂದ ‘ಮೊದಲು ಏರುವುದು ಯಾವುದು’ ಎಂಬ ಪ್ರಶ್ನೆಗಷ್ಟೇ ಅದು ಉತ್ತರ. ‘ಹೃದಯಕ್ಕೆ ನಿರ್ದಿಷ್ಟವಾದದ್ದು ಯಾವುದು’ ಅಂದರೆ ಅದಲ್ಲ.

ಸಿಕೆ-ಎಂಬಿ ಅನ್ನುವುದು ಕ್ರಿಯಾಟಿನ್ ಕೈನೇಸ್ ಕಿಣ್ವದ ಒಂದು ರೂಪ, ಹೃದಯದಲ್ಲಿ ಹೆಚ್ಚು. 4ರಿಂದ 6 ಗಂಟೆಗೆ ಏರಲು ಶುರುವಾಗಿ, ಚಿಕಿತ್ಸೆ ಇಲ್ಲದಿದ್ದರೆ ಸುಮಾರು 24 ಗಂಟೆಗೆ ಶಿಖರ ಮುಟ್ಟಿ, 48ರಿಂದ 72 ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಈ ಕೊನೆಯ ಅಂಕಿಯನ್ನು ಗಟ್ಟಿ ಹಿಡಿದುಕೊಳ್ಳಿ, ಐದನೇ ದಿನ ಬೇಕಾಗುತ್ತದೆ.

ಟ್ರೋಪೋನಿನ್ ಕಥೆ ಬೇರೆ. ಅದರ ಬಹುಪಾಲು ಸ್ನಾಯು ಸಂಕುಚಿಸುವ ಎಳೆಗಳಿಗೇ ಬಿಗಿದುಕೊಂಡಿರುತ್ತದೆ, ಸ್ವಲ್ಪ ಭಾಗ ಮಾತ್ರ ದ್ರವದಲ್ಲಿ ಬಿಡಿಯಾಗಿರುತ್ತದೆ. ನಮ್ಮ ಹಳ್ಳಿಯ ಮಣ್ಣಿನ ಮಾಳಿಗೆ ಮನೆ ಮಳೆಗೆ ಕುಸಿದರೆ ಒಳಗಿದ್ದ ಚೊಂಬು, ತಟ್ಟೆ ಮೊದಲ ನೀರಿಗೇ ತೇಲಿ ಹೋಗುತ್ತವೆ, ಗೋಡೆಯ ಮಣ್ಣು ಮಾತ್ರ ವಾರಗಟ್ಟಲೆ ಕರಗುತ್ತಾ ಇರುತ್ತದೆ. ಟ್ರೋಪೋನಿನ್‌ನಲ್ಲಿ ಈ ಎರಡೂ ಇವೆ. ಬಿಡಿ ಭಾಗ 3ರಿಂದ 6 ಗಂಟೆಗೆ ಕಾಣಿಸಿಕೊಳ್ಳುತ್ತದೆ, ಬಿಗಿದ ಭಾಗ ಎಳೆಗಳು ಶಿಥಿಲವಾದ ಹಾಗೆ ದಿನಗಟ್ಟಲೆ ಬರುತ್ತಿರುತ್ತದೆ. ಟ್ರೋಪೋನಿನ್ ಐ 7ರಿಂದ 10 ದಿನ, ಟ್ರೋಪೋನಿನ್ ಟಿ 10ರಿಂದ 14 ದಿನ ಏರಿಯೇ ಇರುತ್ತದೆ. ರಕ್ತದಲ್ಲಿ ಅದು ಹೆಚ್ಚು ಕಾಲ ಬದುಕುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 2 ಗಂಟೆ ಮಾತ್ರ. ಸೋರುವುದು ನಿಲ್ಲದ ಕಾರಣ ಮಟ್ಟ ಇಳಿಯುವುದಿಲ್ಲ.

ಎಲ್‌ಡಿಎಚ್ ಈಗ ಯಾರೂ ಇದಕ್ಕಾಗಿ ಮಾಡಿಸುವುದಿಲ್ಲ. ಒಂದು ದಿನ ಕಳೆದ ಮೇಲೆ ಏರಿ, 3ರಿಂದ 6ನೇ ದಿನಕ್ಕೆ ಶಿಖರ ಮುಟ್ಟುತ್ತದೆ. ಸಾಮಾನ್ಯವಾಗಿ ಎಲ್‌ಡಿಎಚ್-2 ಹೆಚ್ಚಿರುತ್ತದೆ, ಇನ್‌ಫಾರ್ಕ್ಷನ್ ಆದಾಗ ಎಲ್‌ಡಿಎಚ್-1 ಅದನ್ನು ದಾಟುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಇಷ್ಟು ಸಾಕು.

ಎಚ್ಚರಿಕೆ ಒಂದು: ಪುಸ್ತಕದಿಂದ ಪುಸ್ತಕಕ್ಕೆ ಒಂದೆರಡು ಗಂಟೆ ಆಚೀಚೆ ಆಗುತ್ತದೆ ಎಂದೆನಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸರಿಯಾಗಿ ಬರೆದ ಪ್ರಶ್ನೆ 3 ಗಂಟೆಗೂ 4 ಗಂಟೆಗೂ ನಡುವಿನ ವ್ಯತ್ಯಾಸದ ಮೇಲೆ ನಿಂತಿರುವುದಿಲ್ಲ. 2 ಗಂಟೆ, 12 ಗಂಟೆ, 5ನೇ ದಿನ, 10ನೇ ದಿನ, ಹೀಗೆ ದೂರ ದೂರದ ಹೊತ್ತುಗಳನ್ನೇ ಕೇಳುತ್ತಾರೆ.

3. ನೆಗೆಟಿವ್ ಟ್ರೋಪೋನಿನ್ ಕಂಡು ನಿಲ್ಲಬೇಡಿ

ಈಗ ನಮ್ಮ ರೋಗಿಯ ಮೊದಲ ಬಲೆ. ಎರಡೂವರೆ ಗಂಟೆಯ ಕಾರ್ಡ್ ಟೆಸ್ಟ್ ನೆಗೆಟಿವ್. ಕಾರ್ಡ್ ಟೆಸ್ಟ್ ಅಂದರೆ ಒಂದೆರಡು ಹನಿ ರಕ್ತ ಹಾಕಿ ಗೆರೆ ಮೂಡುತ್ತದೋ ಇಲ್ಲವೋ ನೋಡುವ ಪರೀಕ್ಷೆ. ಅದು ಅಂಕಿ ಕೊಡುವುದಿಲ್ಲ, ಸಣ್ಣ ಏರಿಕೆಯನ್ನು ಹಿಡಿಯುವುದೂ ಇಲ್ಲ. ಸೊನ್ನೆ ಗಂಟೆಯಿಂದ 6 ಗಂಟೆ ಆಗುವ ಮೊದಲು ಅದು ನೆಗೆಟಿವ್ ಬಂದರೆ ‘ಇನ್ನೂ ಗೊತ್ತಿಲ್ಲ’ ಎಂದಷ್ಟೇ ಅರ್ಥ.

ಪ್ರಶ್ನೆಯ ಆಯ್ಕೆಗಳಲ್ಲಿ ‘6 ಗಂಟೆಯ ನಂತರ ಟ್ರೋಪೋನಿನ್ ಮರುಪರೀಕ್ಷೆ’ ಅಂತ ಒಂದಿರುತ್ತದೆ, ಓದಲು ಬಹಳ ಸಮಂಜಸ. ಇಸಿಜಿಯಲ್ಲಿ ಎಸ್‌ಟಿ ಏರಿಕೆ ಇಲ್ಲದ ರೋಗಿಗೆ ಅದು ಸರಿಯಾದ ದಾರಿಯೇ. ಈಗಿನ ಹೈ-ಸೆನ್ಸಿಟಿವಿಟಿ ಟ್ರೋಪೋನಿನ್ ಇದ್ದರೆ ಬಂದ ಕೂಡಲೇ ಒಂದು, 1ರಿಂದ 3 ಗಂಟೆಯ ಅಂತರದಲ್ಲಿ ಇನ್ನೊಂದು ತೆಗೆದು ಎರಡರ ನಡುವಿನ ಏರಿಳಿತ ನೋಡುತ್ತಾರೆ. ಆದರೆ ನಮ್ಮ ರೋಗಿಗೆ ಪಕ್ಕಪಕ್ಕದ ಮೂರು ಲೀಡಿನಲ್ಲಿ ಎಸ್‌ಟಿ ಎದ್ದಿದೆ, ನೋವು ಇದೆ, 12 ಗಂಟೆ ದಾಟಿಲ್ಲ. ಮಾರ್ಕರ್‌ಗೆ ಕಾಯದೆ ನಾಳ ತೆರೆಯುವ ಚಿಕಿತ್ಸೆ ಶುರುವಾಗಬೇಕು. ಕ್ಯಾಥ್ ಲ್ಯಾಬ್ ಕೈಗೆಟುಕುವ ಹೊತ್ತಿನಲ್ಲಿದ್ದರೆ ಆಂಜಿಯೋಪ್ಲಾಸ್ಟಿ. ವೈರ್ ದಾಟಿಸಲು 120 ನಿಮಿಷಕ್ಕಿಂತ ಹೆಚ್ಚು ಆಗುತ್ತದೆ ಅನ್ನುವ ಹಾಗಿದ್ದರೆ, ಅಡ್ಡಿ ಇಲ್ಲದಿದ್ದಲ್ಲಿ, ಹೆಪ್ಪು ಕರಗಿಸುವ ಇಂಜೆಕ್ಷನ್. ತಾಲ್ಲೂಕು ಆಸ್ಪತ್ರೆಯನ್ನು ಸನ್ನಿವೇಶವಾಗಿ ಕೊಟ್ಟಿದ್ದರೆ ಪ್ರಶ್ನೆ ಬರೆದವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಈ ಎರಡನೆಯದು.

4. ಮೂರು ಅಂಕಿಗಳ ಲೆಕ್ಕದಿಂದ ನಾಳ ಹಿಡಿಯಿರಿ

II, III, aVF ಈ ಮೂರೂ ಹೃದಯವನ್ನು ಕೆಳಗಿನಿಂದ ನೋಡುವ ಲೀಡುಗಳು. ಮೂರೂ ಎದ್ದರೆ ಕೆಳಗೋಡೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಕೆಳಗೋಡೆಗೆ ರಕ್ತ ಕೊಡುವುದು ಹೆಚ್ಚಿನವರಲ್ಲಿ ಬಲ ಕರೋನರಿ, ಕೆಲವರಲ್ಲಿ ಎಡಬದಿಯ ಸರ್ಕಮ್‌ಫ್ಲೆಕ್ಸ್. ನೂರರಲ್ಲಿ 80ರಿಂದ 85 ಕೆಳಗೋಡೆ ಇನ್‌ಫಾರ್ಕ್ಷನ್‌ಗಳಲ್ಲಿ ಬಲದ್ದೇ ಅಪರಾಧಿ. ಪರೀಕ್ಷೆಯಲ್ಲಿ ಬೇಕಾಗುವುದು ಎರಡನ್ನೂ ಬೇರ್ಪಡಿಸುವ ಗುರುತು.

ಪುಸ್ತಕದಲ್ಲಿ ಇದಕ್ಕೆ ಉದ್ದದ ಪಟ್ಟಿ ಇದೆ: III ರ ಏರಿಕೆ II ಕ್ಕಿಂತ ಹೆಚ್ಚಿದ್ದರೆ ಬಲ ಕರೋನರಿ, I ರಲ್ಲಿ ಇಳಿಕೆ ಇದ್ದರೆ ಬಲ ಕರೋನರಿ, aVL ನಲ್ಲಿ ಇಳಿಕೆ ಇದ್ದರೆ ಬಲ ಕರೋನರಿ, I ರಲ್ಲಿ ಏರಿಕೆ ಇದ್ದರೆ ಸರ್ಕಮ್‌ಫ್ಲೆಕ್ಸ್. ಇವನ್ನು ನಾಲ್ಕು ಬೇರೆ ಬೇರೆ ಸಾಕ್ಷಿಗಳೆಂದು ಓದುತ್ತಾರೆ. ನಿಜವಾಗಿ ಇವೆಲ್ಲ ಒಂದೇ ಸಾಕ್ಷಿಯ ಬೇರೆ ಬೇರೆ ಮುಖ, ಏಕೆಂದರೆ ಕೈಕಾಲಿನ ಆರು ಲೀಡುಗಳಲ್ಲಿ ಯಂತ್ರ ಸ್ವತಂತ್ರವಾಗಿ ಅಳೆಯಬೇಕಾದದ್ದು ಎರಡೇ, ಉಳಿದ ನಾಲ್ಕು ಲೆಕ್ಕದಿಂದ ಬರುತ್ತವೆ. ಐಂಥೋವನ್ ನಿಯಮ ಎಂದು ಮೊದಲ ವರ್ಷದ ಫಿಸಿಯಾಲಜಿಯಲ್ಲಿ ಓದಿ ಮರೆತದ್ದು ಇದೇ:

```
II  = I + III
aVF = (II + III) / 2
aVL = (I - III) / 2
```

ನಮ್ಮ ರೋಗಿಯ ಅಂಕಿ ಹಾಕಿ ನೋಡಿ. II ರಲ್ಲಿ 2, III ರಲ್ಲಿ 3. ಹಾಗಾದರೆ I ಅಂದರೆ 2ರಲ್ಲಿ 3 ಕಳೆದರೆ −1, ಅಂದರೆ 1 ಮಿಮೀ ಇಳಿಕೆ. aVF ಎರಡರ ಸರಾಸರಿ 2.5. aVL ಅಂದರೆ −1 ರಿಂದ 3 ಕಳೆದು ಅರ್ಧ ಮಾಡಿದರೆ −2. ಪ್ರಶ್ನೆಯಲ್ಲಿ ಕೊಟ್ಟ ಅಂಕಿಗಳೂ ಇವೇ. ಆದ್ದರಿಂದ III ರ ಏರಿಕೆ II ಕ್ಕಿಂತ ಹೆಚ್ಚಿದೆ ಎಂದು ಗೊತ್ತಾದ ಕ್ಷಣವೇ I ಇಳಿದಿರಲೇಬೇಕು. II ಹೆಚ್ಚಿದ್ದರೆ I ಎದ್ದಿರಲೇಬೇಕು. ನೀವು ನೆನಪಿಡಬೇಕಾದದ್ದು ಒಂದೇ: III ದೊಡ್ಡದೋ II ದೊಡ್ಡದೋ.

ಇದರ ಹಿಂದಿನ ದಿಕ್ಕೂ ಸರಳ. III ನೋಡುವುದು ರೋಗಿಯ ಬಲ-ಕೆಳಗಿನಿಂದ, 120 ಡಿಗ್ರಿಯಲ್ಲಿ. II ನೋಡುವುದು ಎಡ-ಕೆಳಗಿನಿಂದ, 60 ಡಿಗ್ರಿಯಲ್ಲಿ. ಗಾಯದ ವಿದ್ಯುತ್ತು ಗಾಯವಾದ ಕಡೆಗೇ ಮುಖ ಮಾಡುತ್ತದೆ. ಬಲ ಕರೋನರಿ ಮುಚ್ಚಿದರೆ ಬಲಕ್ಕೆ ವಾಲಿ III ಎತ್ತರವಾಗುತ್ತದೆ, ಸರ್ಕಮ್‌ಫ್ಲೆಕ್ಸ್ ಮುಚ್ಚಿದರೆ ಎಡಕ್ಕೆ ವಾಲಿ II ಎತ್ತರವಾಗುತ್ತದೆ. aVL ಇರುವುದು ಮೇಲೆ ಎಡಕ್ಕೆ, −30 ಡಿಗ್ರಿಯಲ್ಲಿ, III ಕ್ಕೆ ಹೆಚ್ಚುಕಡಿಮೆ ಎದುರುಬದುರು. III ಎದ್ದಾಗ ಅದು ತಗ್ಗುವುದು ಅದಕ್ಕೇ. ಹೀಗೆ ಎದುರು ಲೀಡಿನಲ್ಲಿ ಕಾಣುವ ತಗ್ಗನ್ನು ರೆಸಿಪ್ರೋಕಲ್ ಬದಲಾವಣೆ ಅನ್ನುತ್ತಾರೆ.

ಎಚ್ಚರಿಕೆ ಎರಡು: ಎಸ್‌ಟಿ ಇಳಿಕೆಯನ್ನು ಇಟ್ಟುಕೊಂಡು ಜಾಗ ಗುರುತಿಸಬೇಡಿ. aVL ಮತ್ತು I ರಲ್ಲಿ ಇಳಿಕೆ ಕಂಡು ‘ಪಕ್ಕಗೋಡೆಯ ಇಸ್ಕೀಮಿಯಾ’ ಅಂತ ಬರೆಯುವುದು ಸಾಮಾನ್ಯ ತಪ್ಪು. ಏರಿಕೆ ಜಾಗ ಹೇಳುತ್ತದೆ, ಇಳಿಕೆ ಬಹುಮಟ್ಟಿಗೆ ಹೇಳುವುದಿಲ್ಲ. ಇದಕ್ಕೆ ಒಂದು ಅಪವಾದ ಉಂಟು, 6ನೇ ಹಂತದಲ್ಲಿ ಬರುತ್ತದೆ.

5. V1 ನೋಡಿ, ಬಲಗಡೆ ಲೀಡ್ ಹಾಕಿ

ಬಲ ಕರೋನರಿ ಎಂದು ಗೊತ್ತಾದ ಮೇಲೆ ಅದು ಎಲ್ಲಿ ಮುಚ್ಚಿದೆ ಅನ್ನುವುದು ಮುಂದಿನ ಪ್ರಶ್ನೆ. ಬುಡದ ಹತ್ತಿರ ಮುಚ್ಚಿದ್ದರೆ ಬಲ ಹೃತ್ಕುಕ್ಷಿಗೆ ಹೋಗುವ ಕವಲಿಗೂ ರಕ್ತ ಇಲ್ಲ. ಎದೆಯ ಮಾಮೂಲಿ ಆರು ಲೀಡುಗಳಲ್ಲಿ ಬಲ ಹೃತ್ಕುಕ್ಷಿಗೆ ಹತ್ತಿರ ಇರುವುದು V1. ಕೆಳಗೋಡೆ ಇನ್‌ಫಾರ್ಕ್ಷನ್ ಜೊತೆಗೆ V1 ಎದ್ದು V2 ಸಮವಾಗಿದ್ದರೆ ಅಥವಾ ಇಳಿದಿದ್ದರೆ ಬಲ ಹೃತ್ಕುಕ್ಷಿ ಸೇರಿದೆ ಎಂದು ಅನುಮಾನಿಸಿ. ನಮ್ಮ ರೋಗಿಯಲ್ಲಿ ಕತ್ತಿನ ಸಿರೆ ಉಬ್ಬಿ, ಬಿಪಿ ಬಿದ್ದು, ಶ್ವಾಸಕೋಶ ಶುಭ್ರವಾಗಿರುವುದೂ ಅದನ್ನೇ ಹೇಳುತ್ತಿದೆ. ರಕ್ತ ಬಲಗಡೆಯೇ ನಿಂತುಬಿಟ್ಟಿದೆ, ಎಡಕ್ಕೆ ದಾಟುತ್ತಿಲ್ಲ. ನಾಡಿ 52 ಇರುವುದೂ ಇದಕ್ಕೆ ಹೊಂದುತ್ತದೆ, ಎವಿ ನೋಡ್‌ಗೆ ಹೆಚ್ಚಿನವರಲ್ಲಿ ರಕ್ತ ಹೋಗುವುದು ಬಲ ಕರೋನರಿಯಿಂದಲೇ.

ಖಚಿತಪಡಿಸಲು V4R ಬೇಕು. ಎಡಗಡೆ V4 ಎಲ್ಲಿರುತ್ತದೋ ಅದರ ಕನ್ನಡಿ ಜಾಗ: ಬಲಗಡೆ ಐದನೇ ಪಕ್ಕೆಲುಬಿನ ಸಂದು, ಕೊರಳೆಲುಬಿನ ಮಧ್ಯದಿಂದ ನೇರ ಕೆಳಗೆ. V4 ರ ಬಟ್ಟಲನ್ನು ಕಿತ್ತು ಅಲ್ಲಿ ಅಂಟಿಸಿ ಮತ್ತೊಂದು ಇಸಿಜಿ ತೆಗೆಯುತ್ತೀರಿ. ಯಂತ್ರಕ್ಕೆ ನೀವು ಜಾಗ ಬದಲಿಸಿದ್ದು ಗೊತ್ತಿಲ್ಲ, ಅದು V4 ಎಂದೇ ಅಚ್ಚು ಹಾಕುತ್ತದೆ. ಪೆನ್ನಿನಿಂದ V4 ಹೊಡೆದು V4R ಅಂತ ಆಗಲೇ ಬರೆಯದಿದ್ದರೆ ಸಂಜೆ ರೌಂಡ್ಸಿಗೆ ಬಂದವರು ಅದನ್ನು ಮಾಮೂಲಿ ಪಟ್ಟಿ ಎಂದುಕೊಂಡು ಓದುತ್ತಾರೆ. ಅಲ್ಲಿ 0.5 ಮಿಮೀ ಏರಿಕೆ ಇದ್ದರೂ ಸಾಕು. 30 ವರ್ಷದೊಳಗಿನ ಗಂಡಸರಿಗೆ ಮಾತ್ರ 1 ಮಿಮೀ ಬೇಕು.

ಈ ಲೀಡಿಗೂ ಗಡಿಯಾರವಿದೆ, ಪುಸ್ತಕದಲ್ಲಿ ಹಲವರು ದಾಟಿಹೋಗುವ ಸಾಲು ಅದು. ಬಲ ಹೃತ್ಕುಕ್ಷಿಯ ಏರಿಕೆ ಬೇಗ ಅಳಿಸಿಹೋಗುತ್ತದೆ, ಸುಮಾರು ಅರ್ಧದಷ್ಟು ರೋಗಿಗಳಲ್ಲಿ 10 ಗಂಟೆಯೊಳಗೆ. ಮರುದಿನ V4R ತೆಗೆದು ‘ಏರಿಕೆ ಇಲ್ಲ’ ಅಂದರೆ ಅದಕ್ಕೆ ಬೆಲೆ ಇಲ್ಲ. ಕೆಳಗೋಡೆ ಕಂಡ ಕೂಡಲೇ, ಅದೇ ಹಾಸಿಗೆಯಲ್ಲಿ, ಅದೇ ಕೈಯಲ್ಲಿ ಬಲಗಡೆಯದನ್ನೂ ತೆಗೆಯಬೇಕು.

ಕೊಡಬಾರದ ಔಷಧಿಗೆ ಉತ್ತರ ಇಲ್ಲೇ ಇದೆ. ಎದೆನೋವು ಎಂದ ಕೂಡಲೇ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಸಿರೆಗಳನ್ನು ಹಿಗ್ಗಿಸಿ ಹೃದಯಕ್ಕೆ ಮರಳುವ ರಕ್ತ ಕಡಿಮೆ ಮಾಡುತ್ತದೆ. ಬಲ ಹೃತ್ಕುಕ್ಷಿ ಸೋತಾಗ ಎಡಭಾಗ ತುಂಬುವುದು ಆ ಮರಳುವ ರಕ್ತದ ಒತ್ತಡದಿಂದಲೇ. ಮಾತ್ರೆ ಇಟ್ಟರೆ 90 ಇದ್ದ ಬಿಪಿ ಇನ್ನೂ ಕುಸಿಯುತ್ತದೆ. ಮೂತ್ರ ಹೆಚ್ಚಿಸುವ ಔಷಧಿಯೂ ಇದೇ ಕಾರಣಕ್ಕೆ ಬೇಡ. ಶ್ವಾಸಕೋಶ ಶುಭ್ರವಾಗಿದ್ದರೆ ನಾರ್ಮಲ್ ಸಲೈನನ್ನು 250ರಿಂದ 500 ಎಂಎಲ್ ಕೊಟ್ಟು ಬಿಪಿ ಏಳುತ್ತದೆಯೇ ನೋಡುತ್ತಾರೆ. ಏಳದಿದ್ದರೆ ಬಾಟಲಿ ಮೇಲೆ ಬಾಟಲಿ ಹಾಕುತ್ತಾ ಹೋಗುವುದಿಲ್ಲ, ಉಬ್ಬಿದ ಬಲ ಹೃತ್ಕುಕ್ಷಿ ಎಡದ್ದನ್ನು ಒತ್ತಿ ಇನ್ನಷ್ಟು ಕೆಡಿಸುತ್ತದೆ. ಆಗ ಇನೋಟ್ರೋಪ್, ಅಂದರೆ ಹೃದಯದ ಬಡಿತಕ್ಕೆ ಬಲ ಕೊಡುವ ಔಷಧಿ.

ಎಚ್ಚರಿಕೆ ಮೂರು: ಬಲ ಹೃತ್ಕುಕ್ಷಿಯ ಏರಿಕೆ ಕೆಲವೊಮ್ಮೆ V1 ರಿಂದ V3 ರವರೆಗೂ ಹರಡಿ, ಮುಂಗೋಡೆಯದೇನೋ ಅನ್ನಿಸುವಂತೆ ಮಾಡುತ್ತದೆ. ಇಳಿಜಾರು ಯಾವ ಕಡೆಗಿದೆ ನೋಡಿ. V1 ರಲ್ಲೇ ಹೆಚ್ಚಿದ್ದು ಎಡಕ್ಕೆ ಹೋದ ಹಾಗೆ ಕಡಿಮೆಯಾದರೆ ಬಲ ಹೃತ್ಕುಕ್ಷಿ. V3, V4 ಕಡೆಗೆ ಹೋದ ಹಾಗೆ ಹೆಚ್ಚಾದರೆ ಮುಂಗೋಡೆ.

6. ಉಳಿದ ಗೋಡೆಗಳು, ಬೇಗ ಬೇಗ

V1, V2 ಎದ್ದರೆ ನಡುಗೋಡೆ, V3, V4 ಎದ್ದರೆ ಮುಂಗೋಡೆ, ಎರಡಕ್ಕೂ ಎಡ ಮುಂಭಾಗದ ಇಳಿಯುವ ನಾಳ, ಎಲ್‌ಎಡಿ. I, aVL, V5, V6 ಪಕ್ಕಗೋಡೆ. I ಮತ್ತು aVL ಮಾತ್ರ ಎದ್ದರೆ ಎಲ್‌ಎಡಿಯ ಡಯಾಗನಲ್ ಕವಲು ಅಥವಾ ಸರ್ಕಮ್‌ಫ್ಲೆಕ್ಸ್. V1 ರಿಂದ V4 ರ ಜೊತೆ II, III, aVF ಕೂಡ ಎದ್ದರೆ ಎರಡು ನಾಳ ಮುಚ್ಚಿವೆ ಎಂದು ಹಾರಬೇಡಿ. ಎಲ್‌ಎಡಿ ತುದಿಯನ್ನು ಸುತ್ತಿಕೊಂಡು ಕೆಳಗೋಡೆಗೂ ಹೋಗಿರುವ ಸಾಧ್ಯತೆಯನ್ನು ಮೊದಲು ಯೋಚಿಸಿ.

ಮೇಲೆ ಹೇಳಿದ ಅಪವಾದ ಹಿಂಗೋಡೆ. ಅದರ ಮೇಲೆ ನೇರವಾಗಿ ಕೂತ ಲೀಡು ಮಾಮೂಲಿ ಹನ್ನೆರಡರಲ್ಲಿ ಒಂದೂ ಇಲ್ಲ, ಎದುರಿನಿಂದ V1 ರಿಂದ V3 ನೋಡುತ್ತವೆ. ಹಾಗಾಗಿ ಹಿಂಗೋಡೆಯ ಏರಿಕೆ ಅಲ್ಲಿ ಇಳಿಕೆಯಾಗಿ ಕಾಣುತ್ತದೆ, ಜೊತೆಗೆ ಎತ್ತರದ ಆರ್ ಅಲೆ ಮತ್ತು ನೆಟ್ಟಗಿನ ಟಿ ಅಲೆ. ಬೆನ್ನಿನ ಮೇಲೆ V7 ರಿಂದ V9 ಹಾಕಿ 0.5 ಮಿಮೀ ಏರಿಕೆ ಕಂಡರೆ ಖಾತ್ರಿ. ಕೆಳಗೋಡೆಯ ಜೊತೆ ಹಿಂಗೋಡೆಯೂ ಬಲ ಹೃತ್ಕುಕ್ಷಿಯೂ ಒಟ್ಟಿಗೆ ಹೋದಾಗ V1 ರಲ್ಲಿ ಒಂದು ಏರಿಸಿ ಇನ್ನೊಂದು ಇಳಿಸಿ ಗೆರೆ ಸಮವಾಗಿಬಿಡಬಹುದು. V1 ಸಮವಾಗಿದೆ ಎಂದು V4R ಬಿಡಬಾರದು ಅನ್ನುವುದಕ್ಕೆ ಇದೇ ಕಾರಣ.

7. ಚಿಕಿತ್ಸೆಯ ನಂತರ ಗಡಿಯಾರ ಬದಲಾಗುತ್ತದೆ

ನಮ್ಮ ರೋಗಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು ಅನ್ನೋಣ. 60ರಿಂದ 90 ನಿಮಿಷದಲ್ಲಿ ಇಸಿಜಿ ಮತ್ತೆ ತೆಗೆದು, ಹೆಚ್ಚು ಎದ್ದಿದ್ದ ಲೀಡಿನಲ್ಲಿ ಏರಿಕೆ ಅರ್ಧಕ್ಕಿಂತ ಕೆಳಗೆ ಬಂದಿದೆಯೇ ನೋಡುತ್ತಾರೆ. III ರಲ್ಲಿ 3 ಇದ್ದದ್ದು 1.5 ಅಥವಾ ಅದಕ್ಕಿಂತ ಕಡಿಮೆ ಆಗಬೇಕು. ಆಗದಿದ್ದರೆ ಔಷಧಿ ಸೋತಿದೆ, ಕೂಡಲೇ ಆಂಜಿಯೋಪ್ಲಾಸ್ಟಿಗೆ ಕಳಿಸಬೇಕು.

ಮಾರ್ಕರ್ ಪ್ರಶ್ನೆ ಇಲ್ಲಿ ಮಗ್ಗುಲು ಬದಲಿಸುತ್ತದೆ. ‘ಥ್ರಾಂಬೋಲೈಸಿಸ್ ನಂತರ ಸಿಕೆ-ಎಂಬಿ ನಿರೀಕ್ಷೆಗಿಂತ ಬೇಗ, ಹೆಚ್ಚು ಎತ್ತರಕ್ಕೆ ಶಿಖರ ಮುಟ್ಟಿತು, ಇದರ ಅರ್ಥ?’ ಎತ್ತರ ಕಂಡು ಇನ್‌ಫಾರ್ಕ್ಷನ್ ದೊಡ್ಡದಾಯಿತು ಎಂದು ಗುರುತು ಹಾಕುತ್ತಾರೆ. ನಾಳ ತೆರೆದಾಗ ಹೊಸ ರಕ್ತ ಸತ್ತ ಭಾಗವನ್ನು ತೊಳೆದು, ಅಲ್ಲಿ ನಿಂತಿದ್ದ ಪ್ರೋಟೀನನ್ನು ಒಮ್ಮೆಗೇ ಹೊರತರುತ್ತದೆ. 24 ಗಂಟೆಗೆ ಬರಬೇಕಾದ ಶಿಖರ ಅರ್ಧ ದಿನದಲ್ಲೇ ಬರುವುದು ನಾಳ ತೆರೆದುದರ ಲಕ್ಷಣ.

8. ಐದನೇ ದಿನದ ನೋವು

ಐದನೇ ದಿನ ಬೆಳಿಗ್ಗೆ 8ಕ್ಕೆ ಅರ್ಧ ಗಂಟೆ ಎದೆ ಬಿಗಿಯಿತು. ಮತ್ತೆ ಇನ್‌ಫಾರ್ಕ್ಷನ್ ಆಗಿದೆಯೇ? ಗೆರೆಯ ಮೇಲೆ ಹೊಸ ಸೊನ್ನೆ ಹಾಕಿ. ಹಳೆಯ ಸೊನ್ನೆಯಿಂದ ನಾಲ್ಕು ದಿನ ಕಳೆದಿದೆ. ಟ್ರೋಪೋನಿನ್ ಹಳೆಯ ಗಾಯದಿಂದಲೇ ಇನ್ನೂ ಏರಿದೆ, ಹಾಗಾಗಿ ಒಂದೇ ಒಂದು ಸಲ ತೆಗೆದ ‘ಪಾಸಿಟಿವ್’ ಏನೂ ಹೇಳುವುದಿಲ್ಲ. ಸಿಕೆ-ಎಂಬಿ 72 ಗಂಟೆಗೇ ಇಳಿದಿದೆ, ಈಗ ಮತ್ತೆ ಏರಿದರೆ ಅದು ಹೊಸ ಗಾಯ. ಆಯ್ಕೆಗಳಲ್ಲಿ ಮಾರ್ಕರ್‌ಗಳ ಹೆಸರು ಮಾತ್ರ ಇದ್ದರೆ ಉತ್ತರ ಸಿಕೆ-ಎಂಬಿ.

ಆದರೆ ಈಗಿನ ಪ್ರಶ್ನೆಪತ್ರಿಕೆಯಲ್ಲಿ ‘3ರಿಂದ 6 ಗಂಟೆ ಅಂತರದಲ್ಲಿ ಟ್ರೋಪೋನಿನ್, ಶೇ 20ಕ್ಕಿಂತ ಹೆಚ್ಚು ಏರಿಕೆ’ ಎಂಬ ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ. 2018ರ ನಾಲ್ಕನೇ ಸಾರ್ವತ್ರಿಕ ವ್ಯಾಖ್ಯೆಯೂ ಮರು ಇನ್‌ಫಾರ್ಕ್ಷನ್‌ಗೆ ಇಟ್ಟ ಅಳತೆ ಅದೇ, ಮೊದಲ ಮಾದರಿ ಸ್ಥಿರವಾಗಿ ಅಥವಾ ಇಳಿಯುತ್ತಾ ಇದ್ದ ರೋಗಿಗೆ. ನಮ್ಮ ರೋಗಿಯ 8 ಗಂಟೆಯ ಟ್ರೋಪೋನಿನ್ ಟಿ 1.80, ಮಧ್ಯಾಹ್ನ 1ಕ್ಕೆ 2.40 ಎಂದಿಟ್ಟುಕೊಳ್ಳಿ. ಹೆಚ್ಚಿದ್ದು 0.60, ಅಂದರೆ 1.80ರ ಮೂರನೇ ಒಂದು ಭಾಗ, ಶೇ 33. ಹೊಸ ಇನ್‌ಫಾರ್ಕ್ಷನ್. ಅದೇ 1ಕ್ಕೆ 1.70 ಬಂದಿದ್ದರೆ ಹಳೆಯದು ಇಳಿಯುತ್ತಿದೆ, ಅಷ್ಟೇ. ಇದೇ ಏರಿಳಿತದ ತತ್ವ ಕಿಡ್ನಿ ಕಾಯಿಲೆಯವರಿಗೂ: ಅವರ ಟ್ರೋಪೋನಿನ್ ಸದಾ ಸ್ವಲ್ಪ ಏರಿಯೇ ಇರುತ್ತದೆ, ಎರಡು ಮಾದರಿಯಲ್ಲೂ ಒಂದೇ ಮಟ್ಟ ಇದ್ದರೆ ತೀವ್ರ ಇನ್‌ಫಾರ್ಕ್ಷನ್ ಅಲ್ಲ.

ಇಲ್ಲೊಂದು ಸೂಕ್ಷ್ಮ ಬಲೆ. ನೋವು ಬಂದ ಹತ್ತೇ ನಿಮಿಷಕ್ಕೆ ಸಿಕೆ-ಎಂಬಿ ತೆಗೆದು ‘ನಾರ್ಮಲ್’ ಎಂದು ಬರೆದಿರುತ್ತಾರೆ. ಹೊಸ ಸೊನ್ನೆಯಿಂದ 4ರಿಂದ 6 ಗಂಟೆ ಆಗಿಲ್ಲ, ಅದು ನಾರ್ಮಲ್ ಇರಲೇಬೇಕು. ಆ ಮಾದರಿ ಮುಂದೆ ಹೋಲಿಸಿ ನೋಡಲು ಮಾತ್ರ. ಅದೇ ಹೊತ್ತಿಗೆ ಇಸಿಜಿ ತೆಗೆದು ಹಳೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು, ಎಸ್‌ಟಿ ಹೊಸದಾಗಿ 1 ಮಿಮೀ ಎದ್ದಿದ್ದರೆ ಮಾರ್ಕರ್‌ಗೆ ಮತ್ತೆ ಕಾಯುವ ಹಾಗಿಲ್ಲ.

ನೋವಿನ ಬದಲು ಪ್ರಶ್ನೆಯಲ್ಲಿ ಐದನೇ ದಿನ ಒಮ್ಮೆಲೇ ಉಸಿರುಗಟ್ಟಿ, ಶ್ವಾಸಕೋಶದಲ್ಲಿ ನೀರು ತುಂಬಿ, ಹೊಸ ಮರ್ಮರ್ ಕೇಳಿಸಿತು ಎಂದು ಕೊಟ್ಟಿದ್ದರೆ ಮಾರ್ಕರ್ ಆಯ್ಕೆಗಳನ್ನು ಬಿಟ್ಟುಬಿಡಿ. ಎಡ ಹೃತ್ಕುಕ್ಷಿಯ ಹಿಂದಿನ ಒಳಬದಿಯ ಪ್ಯಾಪಿಲರಿ ಸ್ನಾಯುವಿಗೆ ಸಾಮಾನ್ಯವಾಗಿ ಒಂದೇ ನಾಳದ ರಕ್ತ, ಹೆಚ್ಚಿನವರಲ್ಲಿ ಅದು ಬಲ ಕರೋನರಿಯ ಕೊನೆಯ ಕವಲು. ಮುಂದಿನದಕ್ಕೆ ಎಲ್‌ಎಡಿ ಮತ್ತು ಸರ್ಕಮ್‌ಫ್ಲೆಕ್ಸ್ ಎರಡರದ್ದೂ ಇದೆ. ಕೆಳಗೋಡೆ ಇನ್‌ಫಾರ್ಕ್ಷನ್ ಆದವರಲ್ಲಿ ಹರಿಯುವುದು ಆ ಹಿಂದಿನದೇ, ಆದ್ದರಿಂದ ಮುಂದಿನ ಹೆಜ್ಜೆ ಎಕೋ, ಮತ್ತು ಸರ್ಜನ್‌ಗೆ ಫೋನು.